ತಾರಸಿಗೆ ಬ್ರಿಕ್ ಬ್ಯಾಟ್ ಕೋಬಾ: ಸೋರುವುದು ನಿಂತಿದೆ, ಓರೆಗೆರೆಯ ಪಾಚಿ ನಿಂತಿಲ್ಲ

ಮಡಿಕೇರಿಯ ನಮ್ಮ ಮನೆಯ ತಾರಸಿಗೆ ಸೋರದಂತೆ ಬ್ರಿಕ್ ಬ್ಯಾಟ್ ಕೋಬಾ, ಎಂದರೆ ಇಟ್ಟಿಗೆ ತುಂಡುಗಳನ್ನು ಗಾರೆಯಲ್ಲಿ ಕೂರಿಸಿ ಇಳಿಜಾರು ಕೊಟ್ಟ ಪದರ, ಹಾಕಿಸಿ ಕೆಲವು ಮಳೆಗಾಲಗಳು ಕಳೆದಿವೆ. ಕೆಳಗಿನ ಕೋಣೆಗಳ ಚಾವಣಿಯಲ್ಲಿ ತೇವದ ಕಲೆ ಒಂದೂ ಮೂಡಿಲ್ಲ. ಹಾಗಿದ್ದೂ ಪೂರ್ತಿ ಅಂಕ ಕೊಡಲು ನನಗೆ ಮನಸ್ಸಿಲ್ಲ. ಕಾರಣ ಎರಡು: ಗುತ್ತಿಗೆದಾರರು ಸಾಮಾನಿಗೆ ಹಾಕಿದ ಲೆಕ್ಕ, ಮತ್ತು ಪ್ರತಿ ಜುಲೈಯಲ್ಲಿ ತಾರಸಿಯ ಮೇಲೆ ಮೂಲೆಯಿಂದ ಮೂಲೆಗೆ ಎಳೆದಂತೆ ಮೂಡುವ ಹಸಿರು ಗೆರೆ.

ಮೊದಲು ಲೆಕ್ಕದ ಜಗಳ. ತಾರಸಿ 12 ಮೀಟರ್ ಉದ್ದ, 6 ಮೀಟರ್ ಅಗಲ. ಮುಂಭಾಗದ ಎರಡು ಮೂಲೆಗಳಲ್ಲಿ ನೀರು ಹೋಗುವ ಕೊಳವೆಗಳಿವೆ. ನಡುವೆ ಒಂದು ದಿಬ್ಬದ ಗೆರೆ ಬಿಟ್ಟರೆ ಆರಕ್ಕೆ ಆರು ಮೀಟರಿನ ಎರಡು ಚೌಕಗಳಾಗುತ್ತವೆ, ಒಂದೊಂದು ಚೌಕದ ನೀರು ತನ್ನ ಮೂಲೆಗೆ ಹರಿಯುತ್ತದೆ. ಕೊಳವೆಯ ಬಾಯಲ್ಲಿ ಕನಿಷ್ಠ ದಪ್ಪ 65 ಮಿಲಿಮೀಟರ್. ಕೇಂದ್ರ ಲೋಕೋಪಯೋಗಿ ಇಲಾಖೆಯ ವಿವರಣೆಯಲ್ಲಿಯೂ ಈ ಜಾಗಕ್ಕೆ ಇದೇ ಅಂಕಿ ಇದೆ. ನಮ್ಮ ಮಳೆಗೆ 100ಕ್ಕೆ 1ರ ಇಳಿಜಾರು ಸಾಲದೆಂದು 80ಕ್ಕೆ 1 ಎಂದು ಒಪ್ಪಿಕೊಂಡೆವು. ಆರು ಮೀಟರಿಗೆ 75 ಮಿಲಿಮೀಟರ್ ಏರಿಕೆ. ಹಿಂದಿನ ಗೋಡೆಯ ಉದ್ದಕ್ಕೂ ನಡುವಿನ ದಿಬ್ಬದ ಉದ್ದಕ್ಕೂ ದಪ್ಪ 140.

"ಎರಡನ್ನೂ ಕೂಡಿಸಿ ಅರ್ಧ ಮಾಡಿ ಸರ್, ನೂರಾ ಎರಡೂವರೆ ಸರಾಸರಿ," ಎಂದರು ಗುತ್ತಿಗೆದಾರರು. ಮೇಸ್ತ್ರಿಯೂ ತಲೆಯಾಡಿಸಿದರು.

ನೀರು ಒಂದೇ ದಿಕ್ಕಿಗೆ, ಒಂದು ಉದ್ದನೆಯ ಕಾಲುವೆಗೆ ಇಳಿಯುವಂತಿದ್ದರೆ ಆ ಅರ್ಧ ಸರಿ. ಮೂಲೆಗೆ ಇಳಿಯುವಾಗ ತಪ್ಪು. ಏಕೆಂದರೆ ತೆಳ್ಳಗಿರುವುದು ಮೂಲೆಯ ಪುಟ್ಟ ಜಾಗ ಮಾತ್ರ, ದಪ್ಪ ಇರುವುದು ಎರಡು ಪೂರ್ತಿ ಅಂಚುಗಳು. ದಿಬ್ಬದ ಮಟ್ಟಕ್ಕೆ ಹಲಗೆ ಮುಚ್ಚಿದೆವೆಂದು ಭಾವಿಸಿ: ಹಲಗೆಯ ಕೆಳಗೆ ಉಳಿಯುವ ಖಾಲಿ ಜಾಗ ತಲೆಕೆಳಗಾದ ಪಿರಮಿಡ್, ಅದರ ತುದಿ ಕೊಳವೆಯ ಬಾಯಲ್ಲಿ. ಪಿರಮಿಡ್ಡಿನ ಗಾತ್ರ ಅದೇ ತಳ, ಅದೇ ಎತ್ತರದ ಪೆಟ್ಟಿಗೆಯ ಮೂರನೆಯ ಒಂದು ಪಾಲು. ಆದ್ದರಿಂದ ತುಂಬಬೇಕಾದದ್ದು ಏರಿಕೆಯ ಅರ್ಧವಲ್ಲ, ಮೂರನೆಯ ಎರಡು ಪಾಲು. 75ರ ಎರಡು ಪಾಲು 50. 65ಕ್ಕೆ ಕೂಡಿಸಿದರೆ ಸರಾಸರಿ 115 ಮಿಲಿಮೀಟರ್.

ಹನ್ನೆರಡೂವರೆ ಮಿಲಿಮೀಟರ್ ಏನು ಮಹಾ ಎನ್ನಿಸಬಹುದು. 72 ಚದರ ಮೀಟರಿಗೆ ಅದು 0.9 ಘನ ಮೀಟರ್, ಅಂದರೆ ಸುಮಾರು 280 ಇಟ್ಟಿಗೆ ಮತ್ತು ಎರಡು ಚೀಲಕ್ಕೂ ಹೆಚ್ಚು ಸಿಮೆಂಟ್. ಕೊರತೆ ಗೊತ್ತಾಗುವುದು ಕೊನೆಯ ದಿನ. ಆಗ ಅಷ್ಟಕ್ಕಾಗಿ ಯಾರೂ ಘಟ್ಟ ಹತ್ತಿಸಿ ಇನ್ನೊಂದು ಲಾರಿ ತರಿಸುವುದಿಲ್ಲ, ಎರಡನೆಯ ಚೌಕದ ಇಳಿಜಾರನ್ನು ಸದ್ದಿಲ್ಲದೆ ಇಳಿಸುತ್ತಾರೆ. ಪಕ್ಕದ ಬೀದಿಯ ಒಂದು ತಾರಸಿಯಲ್ಲಿ ಎಡಭಾಗ ಮಳೆ ನಿಂತ ಕೂಡಲೇ ಆರುತ್ತದೆ, ಬಲಭಾಗದಲ್ಲಿ ಸಂಜೆಯವರೆಗೂ ನೀರು. ಅಲ್ಲಿ ಏನಾಗಿರಬಹುದೆಂದು ಈಗ ನನಗೆ ಅನುಮಾನವಿಲ್ಲ.

ನಾನು ಸಾಮಾನು ತರಿಸಿದ್ದು 115ರ ಲೆಕ್ಕದಲ್ಲಿ. ಕೆಳಗಿನ ಗಾರೆ 20 ಮಿಲಿಮೀಟರ್, ಮೇಲಿನ ನುಣುಪು ಗಾರೆ 20, ನಡುವೆ ಇಟ್ಟಿಗೆ ತುಂಡಿನ ಪದರ ಸರಾಸರಿ 75. ಈ ನಡುವಿನ 5.4 ಘನ ಮೀಟರಿನಲ್ಲಿ ಇಟ್ಟಿಗೆ ನೂರರಲ್ಲಿ ಸುಮಾರು ಅರವತ್ತು ಪಾಲು, ಉಳಿದದ್ದು ಸಂದಿನ ಗಾರೆ. ನಮ್ಮ ಅಳತೆಯ ಇಟ್ಟಿಗೆಗೆ ಅದು 1,700. ಒಡೆಯುವಾಗ ಪುಡಿಯಾಗುವುದನ್ನು ಸೇರಿಸಿ 1,800. ಗಾರೆಗೆ ಸಿಮೆಂಟ್: ತಳಕ್ಕೂ ಸಂದಿಗೂ 1:5ರಲ್ಲಿ 23 ಚೀಲ, ಮೇಲಿನ 1:4ಕ್ಕೆ 11, ಸ್ಲ್ಯಾಬಿಗೆ ಬಳಿಯುವ ಸಿಮೆಂಟ್ ಹಾಲಿಗೆ 4, ಪ್ಯಾರಾಪೆಟ್ ಬುಡದ ಗುಂಡನೆಯ ಅಂಚಿಗೂ ಗೋಡೆಯ ಮೇಲೆ ಒಂದಡಿ ಏರಿಸುವುದಕ್ಕೂ 2. ಒಟ್ಟು 40. ಎಂ-ಸ್ಯಾಂಡ್ ಲೆಕ್ಕಕ್ಕೆ ಇನ್ನೂರು ಘನ ಅಡಿ ಚಿಲ್ಲರೆ, ತರಿಸಿದ್ದು 220. ಜಲನಿರೋಧಕ ದ್ರವವನ್ನು ಡಬ್ಬದ ಮೇಲೆ ಬರೆದಂತೆ ಚೀಲದ ಲೆಕ್ಕದಲ್ಲಿ ಬೆರೆಸಿದೆವು. ಕೊನೆಯಲ್ಲಿ ಉಳಿದದ್ದು ಒಂದು ಬುಟ್ಟಿ ಇಟ್ಟಿಗೆ ಚೂರು. ಗುತ್ತಿಗೆದಾರರು ಅದನ್ನು ನೋಡಿದರು, ಮಾತಾಡಲಿಲ್ಲ.

ಕೆಲಸದ ಬಗ್ಗೆ ದೂರಿಲ್ಲ. ಅರೆಬೆಂದ ಇಟ್ಟಿಗೆಯನ್ನು ಮೇಸ್ತ್ರಿ ಒಂದಕ್ಕೊಂದು ತಟ್ಟಿ ಸದ್ದಿನಿಂದಲೇ ಬೇರೆ ಮಾಡಿದರು, ಉಳಿದವನ್ನು ನೆನೆಸಿಯೇ ಕೂರಿಸಿದರು. ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿಕೊಂಡರೆ ಅಂಟು ಕೂಡುವುದಿಲ್ಲ, ಆಮೇಲೆ ತಟ್ಟಿದಲ್ಲೆಲ್ಲ ಟೊಳ್ಳು ಸದ್ದು. ಸಂದಿಗಳನ್ನು ಅರ್ಧ ಮಾತ್ರ ತುಂಬಿ, ನೀರು ಕಟ್ಟಿ ಎರಡು ದಿನ ಬಿಟ್ಟು, ಕೆಳಗಿನಿಂದ ಚಾವಣಿ ನೋಡಿದ ಮೇಲೆಯೇ ಉಳಿದರ್ಧ ತುಂಬಿದ್ದು. ಮೇಲಿನ ಗಾರೆ ಹಾಕಿದ ದಿನ ಹೂಮಳೆ ಬಂತು. ಕಾಫಿ ತೋಟದವರೆಲ್ಲ ಹಿಗ್ಗುತ್ತಿದ್ದರೆ ನಾವು ತಾಡಪಾಲು ಹಿಡಿದು ಓಡಾಡುತ್ತಿದ್ದೆವು.

ಇನ್ನು ಪಾಚಿ. ಎರಡು ಇಳಿಜಾರುಗಳು ಕೂಡುವ ಓರೆಗೆರೆಯಲ್ಲಿ ಎಲ್ಲ ನೀರೂ ಹರಿಯುತ್ತದೆ, ಆದರೆ ಅತ್ಯಂತ ಚಪ್ಪಟೆಯಾಗಿರುವುದೂ ಅದೇ. 75 ಮಿಲಿಮೀಟರ್ ಇಳಿತ ಅಲ್ಲಿ ಆರು ಮೀಟರಿಗಲ್ಲ, ಕರ್ಣದ ಎಂಟೂವರೆ ಮೀಟರಿಗೆ ಹಂಚಿಹೋಗುತ್ತದೆ. ಕಾಗದದ ಮೇಲಿನ 80ಕ್ಕೆ 1 ಅಲ್ಲಿ 113ಕ್ಕೆ 1. ಇದನ್ನು ಯಾವ ಗುತ್ತಿಗೆದಾರರೂ ಹೇಳುವುದಿಲ್ಲ. ಓರೆಗೆರೆಯಲ್ಲಿಯೇ 80ಕ್ಕೆ 1 ಬೇಕೆಂದರೆ ದಿಬ್ಬ 171 ಮಿಲಿಮೀಟರ್, ಸರಾಸರಿ 136 ಆಗುತ್ತದೆ. ಈಗಲೇ ಸ್ಲ್ಯಾಬಿನ ಮೇಲೆ ಚದರ ಮೀಟರಿಗೆ ಸುಮಾರು 230 ಕಿಲೋದಂತೆ ಹದಿನಾರು ಟನ್ನಿಗೂ ಹೆಚ್ಚು ಕೂತಿದೆ, ಮತ್ತೆ ಮೂರು ಟನ್ ಹೊರಿಸುವ ಧೈರ್ಯ ನನಗಿಲ್ಲ. ಹಳೆಯ ಸ್ಲ್ಯಾಬಿನವರು ಈ 230ನ್ನೂ ಎಂಜಿನಿಯರಿಗೆ ತೋರಿಸದೆ ಒಪ್ಪಬಾರದು. ಮುಂದೆಂದಾದರೂ ಬಿರುಕು ಬಿಟ್ಟರೆ ಇಟ್ಟಿಗೆ ನೀರು ಕುಡಿದು ಅಡ್ಡಡ್ಡಲಾಗಿ ಹರಡಿಸುತ್ತದೆ, ಒಳಗೆ ಹೊಕ್ಕ ಜಾಗ ಒಂದಾದರೆ ಕೆಳಗೆ ತೊಟ್ಟಿಕ್ಕುವ ಜಾಗ ಇನ್ನೊಂದು. ಆಗ ಅಗೆಯುವುದೇ ಗತಿ.

ಹೀಗೆ ಬೈಯುತ್ತಲೇ ಬರೆಯುತ್ತಿದ್ದರೂ ಬೇಸಗೆಯಲ್ಲಿ ನನ್ನ ಸಿಟ್ಟು ಇಳಿಯುತ್ತದೆ. ಮೆಣಸು ಬಿಡಿಸಿದ ಮೇಲೆ ಬೆಳಗಿನ ಕಾಫಿ ಲೋಟ ಪ್ಯಾರಾಪೆಟ್ ಮೇಲಿಟ್ಟು, ಮೇಲಿನ ಗಾರೆಯಲ್ಲಿ ಎಳೆದ ಒಂದಡಿ ಚೌಕದ ಗೀರುಗಳ ಮೇಲೆ ಚಾಪೆ ಹಾಸಿ ಕಾಳು ಹರಡುತ್ತೇನೆ. ಮಧ್ಯಾಹ್ನದ ಹೊತ್ತಿಗೆ ನೆಲ ಕಾದು ಕಾಳು ಕೆಳಗಿನಿಂದಲೂ ಒಣಗುತ್ತದೆ. ಕೆಳಗಿನ ಕೋಣೆಗೆ ಮೊದಲಿನಷ್ಟು ಸೆಕೆ ಇಳಿಯುವುದಿಲ್ಲ. ಸುತ್ತಲಿನ ಅನೇಕರು ತಾರಸಿಯ ಮೇಲೆ ತಗಡಿನ ಮಾಡು ಎಬ್ಬಿಸಿದ್ದಾರೆ. ಅದು ನನ್ನ ಜೇಬಿಗೆ ಭಾರ, ಮಳೆಯ ರಾತ್ರಿಯಲ್ಲಿ ಕಿವಿಗೂ ಭಾರ. ಪಾಚಿಯನ್ನು ತೆಂಗಿನ ಪೊರಕೆಯಿಂದ ವಾರಕ್ಕೊಮ್ಮೆ ಉಜ್ಜಿದರೆ ಕಾಲು ಜಾರುವುದಿಲ್ಲ.

ಕಾರು ನಿಲ್ಲಿಸುವ ಶೆಡ್ಡಿನ ಸ್ಲ್ಯಾಬಿಗೂ ಈ ಬೇಸಗೆಯಲ್ಲಿ ಇದನ್ನೇ ಹಾಕಿಸುತ್ತೇನೆ. ಅಲ್ಲಿ ಮೂರು ಮೀಟರ್ ಅಗಲ ಮಾತ್ರ, ನೀರು ಪೂರ್ತಿ ಮುಂದಿನ ಅಂಚಿನಿಂದ ಅಡ್ಡ ದೋಣಿಗೆ ಬೀಳುತ್ತದೆ, ಓರೆಗೆರೆಯೇ ಇಲ್ಲ. ಅಂಚಿನಲ್ಲಿ 65, ಹಿಂದೆ 102.5, ಸರಾಸರಿ 84. ಅಲ್ಲಿಗೆ ಅದೇ ಗುತ್ತಿಗೆದಾರರನ್ನು ಕರೆದಿದ್ದೇನೆ, ಅವರ ಅರ್ಧದ ಲೆಕ್ಕ ಸರಿಹೋಗುವ ಜಾಗ ಅದು.