ಓವನ್ ಲೈಟ್ ಹಚ್ಚಿ ದೋಸೆ ಹಿಟ್ಟು: ಮೂರು ಚಾಟ್‌ಬಾಟ್‌ಗಳ ಹೋಲಿಕೆ

ಏಪ್ರಿಲ್ ತಿಂಗಳ ದಾವಣಗೆರೆ ಗೊತ್ತಲ್ವಾ? ರಾತ್ರಿ ಹತ್ತಕ್ಕೆ ಅಡುಗೆಮನೆ ಗೋಡೆ ಮುಟ್ಟಿದರೂ ಬೆಚ್ಚಗಿರುತ್ತದೆ. ಅಂಥ ಕಾಲದಲ್ಲಿ ಬೆಣ್ಣೆದೋಸೆ ಹಿಟ್ಟನ್ನು 12ರಿಂದ 18 ಗಂಟೆ ಇಡಿ, ಓವನ್ ಒಳಗೆ ಲೈಟ್ ಹಚ್ಚಿ ಇಟ್ಟರೆ ಇನ್ನೂ ಒಳ್ಳೆಯದು ಅಂತ ಒಂದು ಚಾಟ್‌ಬಾಟ್ ಹೇಳಿತು. ನಮ್ಮನೆಯಲ್ಲಿ ಓವನ್ ಇಲ್ಲ. ಅದೊಂದನ್ನು ಬಿಟ್ಟು ಉಳಿದದ್ದನ್ನು ಹೇಳಿದ ಹಾಗೇ ಮಾಡಿದೆ. ಬೆಳಿಗ್ಗೆ ನೋಡಿದರೆ ಹಿಟ್ಟು ಪಾತ್ರೆ ಬಿಟ್ಟು ಕಟ್ಟೆ ಮೇಲೆ ಹರಿದಿತ್ತು. ಅವ್ವ ಬೆರಳಲ್ಲಿ ಒಂದಿಷ್ಟು ನೆಕ್ಕಿ ನೋಡಿ, "ಏನೋ ಇದು, ಹಿಂಗ್ ಹುಳಿ ಬಂದೈತಲ್ಲೋ, ಯಾರ್ ಹೇಳಿದ್ರೋ ನಿಂಗೆ?" ಅಂದರು. ಯಾರು ಅಂತ ಹೇಳಲಿ?

ಅವತ್ತೇ ಹಟ ಹಿಡಿದು ಹೋಲಿಕೆ ಶುರು ಮಾಡಿದೆ. ಮೂರು ಚಾಟ್‌ಬಾಟ್ ತೆಗೆದುಕೊಂಡೆ. ಮೊದಲನೆಯದು ಇಂಗ್ಲಿಷ್‌ನಲ್ಲಿ ಗಟ್ಟಿ, ಕನ್ನಡ ಅಷ್ಟಕ್ಕಷ್ಟೆ. ಎರಡನೆಯದೂ ವಿದೇಶದ್ದೇ, ಆದರೆ ಕನ್ನಡ ಚೆನ್ನಾಗಿ ಬರೆಯುತ್ತದೆ. ಮೂರನೆಯದು ನಮ್ಮ ದೇಶದ ಭಾಷೆಗಳಿಗೆಂದೇ ಮಾಡಿದ್ದು. ಹೆಸರು ಬೇಡ. ಇವು ತಿಂಗಳಿಗೊಮ್ಮೆ ಬದಲಾಗುತ್ತವೆ, ಇವತ್ತಿನ ತಪ್ಪು ನಾಳೆ ಇರಲಿಕ್ಕಿಲ್ಲ. ಪ್ರತಿ ಪ್ರಶ್ನೆಯನ್ನೂ ಇಂಗ್ಲಿಷ್‌ನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಕೇಳಿದೆ. ಪ್ರತಿ ಸಲವೂ ಹೊಸ ಚಾಟ್ ತೆರೆದೆ. ಇಲ್ಲದಿದ್ದರೆ ಹಿಂದಿನ ಮಾತು ನೆನಪಿಟ್ಟುಕೊಂಡು ಉತ್ತರ ತಿದ್ದಿಕೊಳ್ಳುತ್ತವೆ, ಆಗ ಹೋಲಿಕೆಗೆ ಅರ್ಥವಿಲ್ಲ.

ಮೊದಲು ದೋಸೆ ವಿಷಯ ಮುಗಿಸಿಬಿಡುತ್ತೇನೆ. ಓವನ್ ಸಲಹೆ ಸುಳ್ಳೇನಲ್ಲ. ಚಳಿ ದೇಶದಲ್ಲಿ ಮನೆ ಮಾಡಿರುವ ನಮ್ಮವರಿಗೆ ಹಿಟ್ಟು ಉಬ್ಬುವುದೇ ದೊಡ್ಡ ತಲೆನೋವು. ಓವನ್ ಬಲ್ಬಿನ ಶಾಖ ಅವರಿಗೆ ಬೇಕು. ಇಂಗ್ಲಿಷ್‌ನಲ್ಲಿ ದೋಸೆ ಬಗ್ಗೆ ಜಾಸ್ತಿ ಬರೆದವರಲ್ಲಿ ಅಂಥವರು ತುಂಬಾ ಮಂದಿ. ಇಲ್ಲಿ ದಿನಾ ಐವತ್ತು ಸೇರು ಹಿಟ್ಟು ರುಬ್ಬುವವರು ಒಂದು ಸಾಲೂ ಬರೆದಿಲ್ಲ. ಚಾಟ್‌ಬಾಟ್ ಓದಿದ್ದು ಬರೆದದ್ದನ್ನು ಮಾತ್ರ. ನಮ್ಮ ಬೇಸಿಗೆಗೆ ಆರೇಳು ಗಂಟೆ ಸಾಕು ಅನ್ನುವುದು ಅವ್ವನ ಕೈಗೆ ಗೊತ್ತು, ಕಾಗದದ ಮೇಲಿಲ್ಲ.

ಓವನ್ ಸಲಹೆ ಕೊಟ್ಟ ಇದೇ ಮೊದಲನೆಯದು ಮಂಡಕ್ಕಿಯನ್ನು 'ಅಕ್ಕಿಯ ಸೀರಿಯಲ್' ಅಂತ ಮಾಡಿ, ಹಾಲಿಗೆ ಹಾಕಿ ತಿನ್ನುವ ಡಬ್ಬಿಯದನ್ನೇ ಹಿಟ್ಟಿಗೆ ಹಾಕಬಹುದು ಅಂದಿತು. ಮಂಡಕ್ಕಿ ಭಟ್ಟಿಗಳ ಊರಲ್ಲಿ ಕೂತು ಇದನ್ನು ಓದಬೇಕು! ಎರಡನೆಯದು ಅಕ್ಕಿ, ಉದ್ದು, ಮಂಡಕ್ಕಿ ಸರಿಯಾಗಿ ಹೇಳಿತು, ಆದರೆ ಪಲ್ಯಕ್ಕೆ ಅರಿಶಿನ, ಸಾಸಿವೆ, ಕರಿಬೇವು ಹಾಕಿ ಮಸಾಲೆ ದೋಸೆ ಪಲ್ಯ ಮಾಡಿಟ್ಟಿತು. ಇಲ್ಲಿಯ ಬೆಣ್ಣೆದೋಸೆ ಜೊತೆಗೆ ಕೊಡುವ ಆಲೂಗಡ್ಡೆ ಪಲ್ಯ ಬೆಳ್ಳಗಿರುತ್ತದೆ ಅನ್ನುವುದು ಮೂರರಲ್ಲಿ ಒಂದಕ್ಕೂ ಗೊತ್ತಿರಲಿಲ್ಲ. ಅಡುಗೆಗೆ ಅಂಕ ಕೊಡುವುದಾದರೆ ಮೂರನೆಯದೇ ಸ್ವಲ್ಪ ಮುಂದೆ, ಅದೂ ಹಿಟ್ಟಿನ ಸಮಯ "ಬೇಸಿಗೆಯಲ್ಲಿ ಕಡಿಮೆ ಸಾಕು" ಅಂದಿದ್ದಕ್ಕೆ.

ನನಗೆ ನಿಜವಾಗಿ ಕಣ್ಣು ತೆರೆಸಿದ್ದು ಸಂಬಂಧದ ಪ್ರಶ್ನೆ. ನಮ್ಮ ತಮ್ಮನಿಗೆ ಹುಡುಗಿ ನೋಡುತ್ತಿದ್ದೇವೆ. ಸೋದರಮಾವನ ಮಗಳ ಮಾತು ಬಂದಿದೆ. ಹೀಗಾಗಿ ಎರಡು ಪ್ರಶ್ನೆ ಕೇಳಿದೆ. ಸೋದರಮಾವನ ಮಗಳನ್ನು ತಂದುಕೊಳ್ಳಬಹುದಾ? ಆಮೇಲೆ, ಬೇಕಂತಲೇ, ಚಿಕ್ಕಪ್ಪನ ಮಗಳನ್ನು ತಂದುಕೊಳ್ಳಬಹುದಾ? ಎರಡನೆಯದನ್ನು ನಮ್ಮ ಮನೆಯಲ್ಲಿ ಬಾಯಿಬಿಟ್ಟು ಕೇಳಿದರೆ ಅವ್ವ ಪೊರಕೆ ಹುಡುಕುತ್ತಾರೆ. ಚಿಕ್ಕಪ್ಪನ ಮಗಳು ಅಂದರೆ ತಂಗಿ. ಮಾವನ ಮಗಳು ವರಸೆಯಲ್ಲಿ ಹೆಣ್ಣು.

ಮೊದಲನೆಯದು ಎರಡಕ್ಕೂ ಹೆಚ್ಚುಕಡಿಮೆ ಒಂದೇ ಉತ್ತರ ಕೊಟ್ಟಿತು. ಇಂಗ್ಲಿಷ್‌ನಲ್ಲಿ ಇಬ್ಬರೂ 'ಕಸಿನ್' ತಾನೇ. ಕೆಲವು ದೇಶಗಳಲ್ಲಿ ಕಾನೂನುಬಾಹಿರ, ಮಕ್ಕಳಿಗೆ ಕಾಯಿಲೆ ಬರುವ ಅಪಾಯ, ಕೌನ್ಸೆಲರ್ ಹತ್ತಿರ ಮಾತಾಡಿ, ನಿಮ್ಮ ತಮ್ಮನ ಸ್ವಂತ ಆಯ್ಕೆಗೆ ಗೌರವ ಕೊಡಿ. ಕಾಯಿಲೆಯ ಮಾತು ಸರಿ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಹತ್ತಿರದ ರಕ್ತಸಂಬಂಧದಲ್ಲಿ ಆ ಅಪಾಯ ಜಾಸ್ತಿಯೇ. ಆದರೆ ನಾವು ಯಾರನ್ನು ತಂಗಿ ಅನ್ನುತ್ತೇವೆ ಅನ್ನುವುದೇ ಅದಕ್ಕೆ ಕಾಣಲಿಲ್ಲ.

ಎರಡನೆಯದು ಕನ್ನಡದಲ್ಲಿ ಸೊಗಸಾಗಿ ಬರೆಯಿತು. ಓದುತ್ತಾ ಓದುತ್ತಾ ಒಂದು ಪದ ಕಾಲಿಗೆ ತಡೆಯಿತು: 'ಸೋದರಸಂಬಂಧಿ'. ಇಬ್ಬರಿಗೂ ಅದೇ ಪದ. ನಮ್ಮ ಬೀದಿಯಲ್ಲಿ ಯಾರಾದರೂ "ನನ್ನ ಸೋದರಸಂಬಂಧಿ ಊರಿಂದ ಬಂದಾನೆ" ಅಂತಾರಾ? ಅಕ್ಷರ ಕನ್ನಡ, ಒಳಗಿನ ಲೆಕ್ಕ ಇಂಗ್ಲಿಷಿನದು. ಆವತ್ತಿನಿಂದ ಇದು ನನಗೆ ಗುರುತು ಆಗಿಬಿಟ್ಟಿದೆ. ಉತ್ತರದಲ್ಲಿ ಸೋದರಸಂಬಂಧಿ ಬಂತು ಅಂದರೆ ಹುಷಾರಾಗುತ್ತೇನೆ.

ಮೂರನೆಯದು ವರಸೆ ಹಿಡಿಯಿತು. ಚಿಕ್ಕಪ್ಪನ ಮಗಳು ತಂಗಿಯಾಗುತ್ತಾಳೆ, ಆ ಮಾತೇ ಇಲ್ಲ ಅಂದಿತು. ಖುಷಿಯಾಯಿತು. ಆದರೆ ಮಾವನ ಮಗಳ ವಿಷಯದಲ್ಲಿ, 1955ರ ಹಿಂದೂ ವಿವಾಹ ಕಾಯ್ದೆ ಪ್ರಕಾರ ಇದು ನಿಷಿದ್ಧ ಅಂತ ಹೇಳಿ ಅಲ್ಲಿಗೇ ನಿಲ್ಲಿಸಿತು. ಇದು ಅರ್ಧ ಮಾತು. ಅಣ್ಣ-ತಂಗಿಯ ಮಕ್ಕಳ ಮದುವೆ ನಿಷಿದ್ಧ ಪಟ್ಟಿಯಲ್ಲಿ ಇದೆ ನಿಜ, ಆದರೆ ಎರಡೂ ಕಡೆಯ ರೂಢಿಯಲ್ಲಿ ಇದ್ದರೆ ಆಗಬಹುದು ಅಂತ ಅದೇ ಕಾಯ್ದೆ ಹೇಳುತ್ತದೆ. ನಮ್ಮ ಕಡೆ ಇಷ್ಟೊಂದು ಸೋದರಿಕೆಯ ಮದುವೆಗಳು ನಿಂತಿರುವುದು ಆ ಒಂದು ಸಾಲಿನ ಮೇಲೆ.

ಹಬ್ಬದ್ದು ಬೇಗ ಹೇಳಿಬಿಡುತ್ತೇನೆ. 'ಹೊಸ ವರ್ಷಕ್ಕೆ ಮನೆಯಲ್ಲಿ ಏನು ಮಾಡೋಣ' ಅಂದಾಗ ಮೊದಲನೆಯದಕ್ಕೆ ಡಿಸೆಂಬರ್ 31ರ ರಾತ್ರಿಯೇ ಹೊಸ ವರ್ಷ. ಯುಗಾದಿ ಅಂತ ಬಿಡಿಸಿ ಹೇಳಿದರೆ ಎರಡನೆಯದು ಹುಣಸೆ, ಮಾವಿನಕಾಯಿ, ಉಪ್ಪು, ಖಾರ ಎಲ್ಲಾ ಸೇರಿ ಆರು ರುಚಿಯ ಪಚ್ಚಡಿ ಕೊಟ್ಟಿತು. ಅದು ತೆಲುಗು ಮನೆಗಳದು. ನಮ್ಮನೆಯಲ್ಲಿ ಬೇವಿನ ಹೂವು, ಬೆಲ್ಲ, ಒಂದಿಷ್ಟು ಹುರಿಗಡಲೆ. ಮೂರನೆಯದು ಬೇವು-ಬೆಲ್ಲ, ಹೋಳಿಗೆ ಸರಿಯಾಗಿ ಹೇಳಿತು, ಸಂಜೆ ಮಾಳಿಗೆ ಹತ್ತಿ ಚಂದ್ರನನ್ನು ನೋಡಿ ಹಿರಿಯರ ಕಾಲಿಗೆ ಬೀಳುವುದನ್ನು ಮರೆತಿತ್ತು. ನಮಗೆ ಹಬ್ಬ ಅಂದರೆ ಅರ್ಧ ಅದೇ.

ಹಾಗಾದರೆ ಊರಿನ ಹೆಸರು ಹಾಕಿ ಕೇಳಿದರೆ ಆಯಿತಲ್ಲ ಅನ್ನಿಸಿತು. ಹಾಕಿದೆ. ಆಗ ಇನ್ನೊಂದು ತಮಾಷೆ. 'ದಾವಣಗೆರೆ' ಅಂದ ಕೂಡಲೇ ಮೂರೂ ಬೆಣ್ಣೆದೋಸೆಗೆ ಅಂಟಿಕೊಂಡವು. ಯುಗಾದಿ ಊಟಕ್ಕೆ ಬೆಣ್ಣೆದೋಸೆ, ನಿಶ್ಚಿತಾರ್ಥಕ್ಕೆ ಬೆಣ್ಣೆದೋಸೆ. ಊರಿನ ಬಗ್ಗೆ ಅವು ಓದಿದ್ದೇ ಅಷ್ಟು.

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. 2023ರಲ್ಲಿ ಬಂದ, ಚಾಟ್‌ಬಾಟ್‌ಗಳ ಒಳಗೆ ಕೆಲಸ ಮಾಡುವಂಥ ಲಾಮಾ 2 ಎಂಬ ಎಐ ಮಾದರಿಯನ್ನು ಮಾಡಿದವರೇ ಅದಕ್ಕೆ ಓದಿಸಿದ್ದರಲ್ಲಿ ಯಾವ ಭಾಷೆ ಎಷ್ಟು ಅಂತ ಪಟ್ಟಿ ಕೊಟ್ಟಿದ್ದಾರೆ. ಇಂಗ್ಲಿಷ್ ಸುಮಾರು 90 ಪರ್ಸೆಂಟ್. ಪಟ್ಟಿಯಲ್ಲಿ ಕನ್ನಡದ ಹೆಸರೇ ಇಲ್ಲ. ಹಾಗಂತ ಬರೀ ಭಾಷೆ ಬದಲಾಯಿಸಿದರೆ ಸಾಲದು. ಅರಬ್ಬಿ ಭಾಷೆಯ ಮೇಲೆ ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದವರು ನಡೆಸಿದ ಅಧ್ಯಯನದಲ್ಲಿ, ಅರಬ್ಬಿಯನ್ನೇ ಓದಿ ಬೆಳೆದ ಮಾದರಿಗಳೂ ಪಶ್ಚಿಮದ ಕಡೆಗೇ ವಾಲುವುದು ಕಂಡಿದೆ. ಆ ಭಾಷೆಯಲ್ಲಿ ಸಿಗುವ ಬರಹದಲ್ಲೂ ಪಶ್ಚಿಮದ ಊರು, ಊಟ, ಹೆಸರುಗಳು ತುಂಬಾ ಇರುತ್ತವೆ. ನನಗೆ ಸಿಕ್ಕ 'ಸೋದರಸಂಬಂಧಿ'ಯೂ ಅದೇ ಜಾತಿಯದು ಅಂತ ನನ್ನ ಅನಿಸಿಕೆ.

ಈಗ ನಾನು ಮಾಡುವುದು ಇಷ್ಟು. ಆಫೀಸಿನ ಪತ್ರಕ್ಕೆ ಮೊದಲನೆಯದು. ಮನೆಯ ವಿಷಯಕ್ಕೆ ಮೂರನೆಯದು, ಅದೂ ಊರಿನ ಹೆಸರು ಬಿಟ್ಟು, ಇದ್ದದ್ದನ್ನು ಬಿಡಿಸಿ ಬರೆದು: ಅಡುಗೆಮನೆ ಇಷ್ಟು ಬಿಸಿ, ಓವನ್ ಇಲ್ಲ, ಪಲ್ಯಕ್ಕೆ ಅರಿಶಿನ ಹಾಕುವುದಿಲ್ಲ, ಇವಳು ಅವ್ವನ ಅಣ್ಣನ ಮಗಳು. ಹೀಗೆ ಬರೆದರೆ ಎರಡನೆಯದೂ ಪರವಾಗಿಲ್ಲ. ಆದರೆ ಅಷ್ಟೆಲ್ಲಾ ಗೊತ್ತಿದ್ದು ಬರೆಯುವಷ್ಟರಲ್ಲಿ ಉತ್ತರದ ಮುಕ್ಕಾಲು ಪಾಲು ನಾನೇ ಬರೆದಿರುತ್ತೇನೆ. ಹಿಟ್ಟಿನ ವಿಷಯ ಮಾತ್ರ ಈಗ ಅವ್ವನದೇ. ರಾತ್ರಿ ಹನ್ನೊಂದಕ್ಕೆ ರುಬ್ಬಿ ಇಡುತ್ತಾರೆ, ಐದೂವರೆಗೆ ಎದ್ದು ಮುಚ್ಚಳ ತೆಗೆದು ನೋಡುತ್ತಾರೆ.