ಬ್ಯಾಟರಿ ಸರಿಯಾಯಿತು, ಸ್ಕೂಟರ್ ಮಾತ್ರ ಓಡಲಿಲ್ಲ

ಹೊಸದಾಗಿ ಹುಟ್ಟಿದ ಕಂಪನಿಯೊಂದರ ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳಬೇಕೆಂದಿರುವವರು, ಅದರಲ್ಲೂ ಬೆಳಗಾವಿಯಂಥ ಊರಿನಲ್ಲಿರುವವರು, ಮುಂಗಡ ಕೊಡುವ ಮೊದಲು ಇದನ್ನು ಓದಿ. ಕಂಪನಿಯ ಹೆಸರು ಬರೆಯುವುದಿಲ್ಲ. ಅದು ಈಗ ಬಾಗಿಲು ಹಾಕಿದೆ, ಹೆಸರು ಹೇಳಿದರೆ ಯಾರಿಗೂ ಉಪಯೋಗವಿಲ್ಲ. ಇದೇ ತೊಂದರೆ ಕೊಡಬಲ್ಲ ಬೇರೆ ಹೆಸರುಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ.

ಗಾಡಿ ಚೆನ್ನಾಗಿಯೇ ಇತ್ತು. ಟಿಳಕವಾಡಿಯಿಂದ ಉದ್ಯಮಬಾಗಕ್ಕೆ ದಿನವೂ ಸದ್ದಿಲ್ಲದೆ ಓಡಾಡಿಸಿತು. ಮಳೆಗಾಲದಲ್ಲಿ ನಾವು ಮಗಳ ಮನೆಗೆಂದು ಪುಣೆಗೆ ಹೋಗಿ ಹೆಚ್ಚು ದಿನ ಉಳಿದೆವು. ಹಿಂದಿರುಗಿ ಬಂದಾಗ ಸ್ಕೂಟರಿನ ಪರದೆ ಹೊತ್ತಿಕೊಳ್ಳಲಿಲ್ಲ. ಚಾರ್ಜರ್ ಹಾಕಿದರೆ ಕೆಂಪು ದೀಪ ಮಿನುಗುತ್ತದೆ, ಚಾರ್ಜ್ ಏರುವುದಿಲ್ಲ. ಖಾನಾಪುರ ರಸ್ತೆಯಲ್ಲಿದ್ದ ಶೋರೂಮಿಗೆ ಹೋದರೆ ಅಲ್ಲಿ ಪ್ಲೈವುಡ್ ಅಂಗಡಿ. ಹುಬ್ಬಳ್ಳಿಯ ಸರ್ವಿಸ್ ಕೇಂದ್ರದವರು ಫೋನ್ ಎತ್ತಿದರು, ಆದರೆ ಕಂಪನಿಯಿಂದ ಸಂಬಳವೇ ಬಂದಿಲ್ಲ ಎಂದು ತಮ್ಮ ಕಷ್ಟವನ್ನೇ ಹೇಳಿಕೊಂಡರು.

ಉದ್ಯಮಬಾಗದಲ್ಲಿ ಲೋಹದ ಯಾವ ಭಾಗ ಬೇಕೆಂದರೂ ಮಾಡಿಕೊಡುವ ಜನರಿದ್ದಾರೆ. ಬ್ಯಾಟರಿ ಪ್ಯಾಕ್ ಕಟ್ಟುವ ಒಬ್ಬ ಯುವಕನೂ ಸಿಕ್ಕ. ಆತ ಪ್ಯಾಕಿನ ಹೊರತುದಿಗಳಿಗೆ ಮೀಟರ್ ಹಿಡಿದಾಗ ಬಂದದ್ದು ಸೊನ್ನೆ. ಒಳಗಿನ ಬಿಎಂಎಸ್, ಅಂದರೆ ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್ ಬೋರ್ಡ್, ಹೊರಗೆ ವಿದ್ಯುತ್ ಹರಿಯದಂತೆ ತಡೆದಿತ್ತು. ಮುಚ್ಚಳ ತೆಗೆದು ಸೆಲ್ ಗುಂಪುಗಳನ್ನು ಒಂದೊಂದಾಗಿ ಅಳೆದ. ಸರಣಿಯಲ್ಲಿ ಹದಿನಾಲ್ಕು ಗುಂಪು. ಒಂದೊಂದೂ ತುಂಬಿದಾಗ 4.2 ವೋಲ್ಟ್, ಎಲ್ಲ ಸೇರಿ 58.8. ಹದಿಮೂರು ಗುಂಪುಗಳು 3.4ರ ಆಸುಪಾಸಿನಲ್ಲಿದ್ದವು. ಒಂದು ಮಾತ್ರ 2.6ಕ್ಕೆ ಇಳಿದಿತ್ತು.

ಕಾರಣವೂ ತಿಳಿಯಿತು. ಸ್ಕೂಟರ್ ನಿಂತಿದ್ದರೂ ಅದರೊಳಗಿನ ಸಿಮ್ ಮತ್ತು ಜಿಪಿಎಸ್ ಘಟಕ ಕಂಪನಿಯ ಸರ್ವರನ್ನು ಹುಡುಕುತ್ತ ಬ್ಯಾಟರಿಯನ್ನು ಸ್ವಲ್ಪ ಸ್ವಲ್ಪವಾಗಿ ಹೀರುತ್ತಿರುತ್ತದೆ. ಮೊದಲೇ ಸ್ವಲ್ಪ ಬಲಹೀನವಾಗಿದ್ದ ಗುಂಪು ಎಲ್ಲಕ್ಕಿಂತ ಮುಂಚೆ ತಳ ಮುಟ್ಟಿತು. ಬಿಎಂಎಸ್ ಅದನ್ನು ಕಂಡು ಬೀಗ ಹಾಕಿತು. ಇಲ್ಲಿಯವರೆಗೆ ಅದು ಮಾಡಿದ್ದು ಸರಿಯೇ. ತೀರಾ ಬರಿದಾದ ಲಿಥಿಯಂ ಸೆಲ್ಲಿಗೆ ಒಮ್ಮೆಗೇ ಜೋರಾಗಿ ಚಾರ್ಜ್ ಕೊಟ್ಟರೆ ಬೆಂಕಿಯ ಅಪಾಯವಿದೆ.

ಆ ಯುವಕ ಸೋತ ಗುಂಪಿಗೆ ಬಹಳ ಕಡಿಮೆ ಕರೆಂಟ್ ಕೊಟ್ಟು ನಿಧಾನವಾಗಿ ಉಳಿದವುಗಳ ಮಟ್ಟಕ್ಕೆ ತಂದ. ಮರುದಿನವೂ ವೋಲ್ಟೇಜ್ ನಿಂತಿತ್ತು. ಇದನ್ನು ಮನೆಯಲ್ಲಿ ಯಾರೂ ಪ್ರಯತ್ನಿಸಬೇಡಿ, ಅದು ಕಲಿತವರ ಕೆಲಸ. ಇಷ್ಟಾದರೂ ಹೊರತುದಿಗಳಲ್ಲಿ ಅದೇ ಸೊನ್ನೆ. "ಸರ್, ಸೆಲ್‌ಗಳು ನನ್ನ ಮಾತು ಕೇಳಿದವು, ಬೋರ್ಡ್ ಕೇಳುತ್ತಿಲ್ಲ" ಎಂದ.

ನನ್ನ ಎಚ್ಚರಿಕೆಯ ತಿರುಳು ಇರುವುದು ಇಲ್ಲೇ. ಬಿಎಂಎಸ್ ತನ್ನ ನೆನಪಿನಲ್ಲಿ ದೋಷವನ್ನು ದಾಖಲಿಸಿಕೊಂಡಿದೆ. ಅದನ್ನು ಅಳಿಸಲು ಕಂಪನಿಯ ಲ್ಯಾಪ್‌ಟಾಪ್ ತಂತ್ರಾಂಶ ಬೇಕು. ಆ ತಂತ್ರಾಂಶ ತೆರೆಯಬೇಕಾದರೆ ತಂತ್ರಜ್ಞ ಕಂಪನಿಯ ಸರ್ವರಿಗೆ ಲಾಗಿನ್ ಆಗಬೇಕು. ಸರ್ವರೇ ಇಲ್ಲ. ಹುಬ್ಬಳ್ಳಿಯವರ ಬಳಿ ಕೇಬಲ್ ಇತ್ತು, ತಂತ್ರಾಂಶವೂ ಇತ್ತು, ಲಾಗಿನ್ ಪುಟ ಮಾತ್ರ ತೆರೆಯಲಿಲ್ಲ. ಮಾರುಕಟ್ಟೆಯಲ್ಲಿ ಸಿಗುವ ಬೇರೆ ಬಿಎಂಎಸ್ ಹಾಕೋಣವೆಂದರೆ ಸ್ಕೂಟರಿನ ಕಂಟ್ರೋಲರ್ ಅದನ್ನು ಒಪ್ಪುವುದಿಲ್ಲ. ಕೀಲಿ ತಿರುಗಿಸಿದಾಗಲೆಲ್ಲ ಅದು ಬ್ಯಾಟರಿಗೆ ಸಂದೇಶ ಕಳುಹಿಸಿ ಗುರುತು ಕೇಳುತ್ತದೆ; ನಿರೀಕ್ಷಿಸಿದ ಉತ್ತರ ಬರದಿದ್ದರೆ ಮೋಟಾರಿಗೆ ವಿದ್ಯುತ್ ಬಿಡುವುದಿಲ್ಲ. ಹಾಗಾದರೆ ಕಂಟ್ರೋಲರ್, ಪರದೆ, ವೈರಿಂಗ್ ಎಲ್ಲವನ್ನೂ ಬದಲಿಸಬೇಕು. ಆ ಖರ್ಚಿಗೆ ಹಳೆಯ ಪೆಟ್ರೋಲ್ ಸ್ಕೂಟರ್ ಒಂದು ಬರುತ್ತದೆ. ಮೇಲಾಗಿ ಹಾಗೆ ತಿದ್ದಿದ ಗಾಡಿಗೆ ಅಪಘಾತವಾದರೆ ವಿಮೆಯವರು ತಕರಾರು ತೆಗೆಯದೆ ಬಿಡುವುದಿಲ್ಲ.

ಪೆಟ್ರೋಲ್ ಗಾಡಿಯ ಕಂಪನಿ ಮುಚ್ಚಿದರೆ ಬಿಡಿಭಾಗ ಹುಡುಕುವ ಪರದಾಟ ಅಷ್ಟೇ. ಇಲ್ಲಿ ಬಿಡಿಭಾಗ ಕೈಯಲ್ಲಿದ್ದರೂ ಅಪ್ಪಣೆ ಬೇರೆಲ್ಲಿಂದಲೋ ಬರಬೇಕು. ಇದು ನಮ್ಮ ದೇಶಕ್ಕೆ ಮಾತ್ರ ಸೀಮಿತವೂ ಅಲ್ಲ. 2023ರ ಜುಲೈನಲ್ಲಿ ನೆದರ್ಲೆಂಡ್ಸ್‌ನ ವ್ಯಾನ್‌ಮೂಫ್ ಎಂಬ ಎಲೆಕ್ಟ್ರಿಕ್ ಸೈಕಲ್ ಕಂಪನಿ ದಿವಾಳಿಯಾದಾಗ, ಸರ್ವರ್ ನಿಂತರೆ ಆ್ಯಪ್‌ನಿಂದ ಸೈಕಲ್ ತೆರೆಯಲಾಗದೆಂದು ಗ್ರಾಹಕರು ಕಂಗಾಲಾದರು. ಕೊನೆಗೆ ಪ್ರತಿಸ್ಪರ್ಧಿ ಕಂಪನಿಯೇ ಅವರ ಡಿಜಿಟಲ್ ಕೀಲಿ ಉಳಿಸಿಕೊಡುವ ಆ್ಯಪ್ ಮಾಡಿಕೊಟ್ಟಿತು. ನಮಗೆ ಅಂಥ ಪುಣ್ಯಾತ್ಮರು ಯಾರೂ ಸಿಗಲಿಲ್ಲ.

ಆದ್ದರಿಂದ ಶೋರೂಮಿನಲ್ಲಿ ಪರೀಕ್ಷಿಸಬೇಕಾದದ್ದು ವೇಗವನ್ನಲ್ಲ. ನಿಮ್ಮ ಮೊಬೈಲನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ, ಆ್ಯಪ್ ಇಲ್ಲದೆ ಗಾಡಿ ಶುರುಮಾಡಿ ತೋರಿಸಿ ಎನ್ನಿ. ನೆಲಮಾಳಿಗೆಯಂತಹ ನೆಟ್‌ವರ್ಕ್ ಸಿಗದ ಜಾಗದಲ್ಲೂ ನೋಡಿ. ಇಷ್ಟರಲ್ಲಿ ಗೆದ್ದರೂ ಸಾಲದು, ನನ್ನ ಗಾಡಿ ಕೂಡ ಇದರಲ್ಲಿ ಪಾಸಾಗುತ್ತಿತ್ತು. ಮಾರಾಟಗಾರನನ್ನು ಬಿಟ್ಟು ಮೆಕ್ಯಾನಿಕ್ ಬಳಿ ಹೋಗಿ, ಬ್ಯಾಟರಿಯ ದೋಷವನ್ನು ಇಲ್ಲೇ, ಇಂಟರ್ನೆಟ್ ಇಲ್ಲದೆ ಅಳಿಸಬಲ್ಲಿರಾ ಎಂದು ಕೇಳಿ. "ಬೆಂಗಳೂರಿಗೆ ಹೇಳಬೇಕು" ಎಂಬ ಉತ್ತರ ಬಂದರೆ ಪರ್ಸ್ ಜೇಬಿನಲ್ಲೇ ಇರಲಿ.

ಇನ್ನೊಂದು ದಾರಿ ಸಾರ್ವಜನಿಕವಾಗಿಯೇ ಇದೆ. ಕೇಂದ್ರ ಸಾರಿಗೆ ಇಲಾಖೆಯ ವಾಹನ್ ಡ್ಯಾಶ್‌ಬೋರ್ಡ್ (vahan.parivahan.gov.in/vahan4dashboard) ತೆರೆಯಿರಿ. ರಾಜ್ಯ ಕರ್ನಾಟಕ, ಆರ್‌ಟಿಒ KA22 ಎಂದು ಆರಿಸಿ, ಒಂದು ಅಕ್ಷಕ್ಕೆ Maker, ಇನ್ನೊಂದಕ್ಕೆ Month Wise ಕೊಟ್ಟರೆ ಆ ಕಂಪನಿಯ ಎಷ್ಟು ಗಾಡಿ ನಮ್ಮಲ್ಲಿ ಯಾವ ತಿಂಗಳು ನೋಂದಣಿಯಾದವು ಎಂಬುದು ಕಾಣುತ್ತದೆ. ಇಡೀ ರಾಜ್ಯದ ಲೆಕ್ಕವನ್ನೂ ಹಾಗೆಯೇ ನೋಡಬಹುದು. ಶೋರೂಮಿನಲ್ಲಿ ಹಬ್ಬದ ರಿಯಾಯಿತಿಯ ಬೋರ್ಡ್ ತೂಗುತ್ತಿದ್ದು, ಇಲ್ಲಿ ಅಂಕಿ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ ಆ ರಿಯಾಯಿತಿ ಏಕೆ ಎಂದು ಅರ್ಥವಾಗುತ್ತದೆ. ಊರಿನಲ್ಲಿ ಬೆರಳೆಣಿಕೆಯ ಗಾಡಿಗಳಿದ್ದರೆ ಸರ್ವಿಸ್ ಕೇಂದ್ರ ನಡೆಸುವವನಿಗೆ ಬಾಡಿಗೆಯೂ ಹುಟ್ಟುವುದಿಲ್ಲ.

ವಾರಂಟಿ ಎಷ್ಟು ವರ್ಷ ಎಂದು ನೋಡಿ ಮಾರುಹೋಗಬೇಡಿ. ವಾರಂಟಿಯ ಆಯುಸ್ಸು ಅದನ್ನು ಕೊಟ್ಟ ಕಂಪನಿ ಇರುವ ತನಕ ಮಾತ್ರ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು: ದೂರಿಗೆ ಎರಡು ವರ್ಷಗಳ ಗಡುವಿದೆ, ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ನೀವು ವಾಸವಿರುವ ಜಿಲ್ಲೆಯಲ್ಲೇ ಸಲ್ಲಿಸಬಹುದು. ಆದರೆ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದರೆ ದಿವಾಳಿ ಕಾನೂನಿನ 14ನೇ ಸೆಕ್ಷನ್ ಪ್ರಕಾರ ಅದರ ಮೇಲಿನ ದಾವೆಗಳಿಗೆ ತಡೆ ಬೀಳುತ್ತದೆ. ಆಗ ನಾವು ಪ್ರಕ್ರಿಯೆ ನಡೆಸುವ ಅಧಿಕಾರಿಗೆ ಹಕ್ಕುಪತ್ರ ಸಲ್ಲಿಸಿ ಸಾಲಿನಲ್ಲಿ ಬ್ಯಾಂಕುಗಳ ಹಿಂದೆ ನಿಲ್ಲಬೇಕು. ಸಾಲು ಬಹಳ ಉದ್ದವಿರುತ್ತದೆ. ಹಾಗಾಗಿ ಕಂಪನಿ ತೂಗಾಡುತ್ತಿದೆ ಎನಿಸಿದ ಕೂಡಲೇ ದೂರು ಕೊಡಿ. ಡೀಲರನ್ನೂ ಎದುರುದಾರನನ್ನಾಗಿ ಸೇರಿಸುವ ಬಗ್ಗೆ ವಕೀಲರ ಸಲಹೆ ಕೇಳಿ.

ಸಾಲ ಮಾಡಿ ಕೊಂಡವರಿಗೆ ಇನ್ನೊಂದು ಮಾತು. ಗಾಡಿ ನಿಂತರೂ ಕಂತು ನಿಲ್ಲುವುದಿಲ್ಲ, ಬ್ಯಾಂಕಿಗೆ ಕಂಪನಿಯ ಗತಿ ಬೇಕಾಗಿಲ್ಲ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇರುವ ತನಕ ಗುಜರಿಗೆ ಹಾಕಬೇಕೆಂದರೂ ಅವರ ನಿರಾಕ್ಷೇಪಣಾ ಪತ್ರ ಬೇಕು. ನನ್ನ ಕಂತು ಮುಂದಿನ ಯುಗಾದಿಗೆ ಮುಗಿಯುತ್ತದೆ. ಬ್ಯಾಟರಿಯ ಸೆಲ್‌ಗಳನ್ನು ಮನೆಯ ಇನ್ವರ್ಟರಿಗೆ ಕಟ್ಟಿಕೊಡುತ್ತೇನೆ ಎಂದು ಉದ್ಯಮಬಾಗದ ಯುವಕ ಹೇಳಿದ್ದಾನೆ.