ಒಂದೇ ಪಾತ್ರೆ ಹುಳಿ, ನಾಲ್ಕು ಕ್ಯಾಲೊರಿ ಆಪ್

ಒಂದು ಭಾನುವಾರ ಮನೆಯಲ್ಲಿ ನುಗ್ಗೆಕಾಯಿ ಹುಳಿ. ನಾನು ಬಡಿಸಿಕೊಂಡ ಒಂದು ಬಟ್ಟಲನ್ನು ನಾಲ್ಕು ಕ್ಯಾಲೊರಿ ಆಪ್‌ಗಳಲ್ಲಿ ಬರೆದು ನೋಡಿದೆ. ಒಂದು 125 ಎಂದಿತು. ಇನ್ನೊಂದು ಒಂದೇ ಹುಡುಕಾಟಕ್ಕೆ 62ರಿಂದ 240ರವರೆಗೆ ಏಳೆಂಟು ಉತ್ತರ ಮುಂದಿಟ್ಟು, ಬೇಕಾದ್ದು ಆರಿಸಿಕೋ ಎಂದಿತು. ಫೋಟೊ ನೋಡಿ ಹೇಳುವ ಆಪ್ 190 ಎಂದಿತು. ನಾಲ್ಕನೆಯದು ಏನೂ ಹೇಳಲಿಲ್ಲ, ಹುಳಿಗೆ ಏನೇನು ಹಾಕಿದ್ದೀಯ ಎಂದು ಕೇಳಿತು.

ಆಪ್‌ಗಳ ಹೆಸರು ಬರೆಯುವುದಿಲ್ಲ. ಇವು ತಿಂಗಳಿಗೊಮ್ಮೆ ವೇಷ ಬದಲಿಸುತ್ತವೆ, ಇವತ್ತಿನ ದೂರು ನಾಳೆ ಸುಳ್ಳಾಗಬಹುದು. ಆದರೆ ಅಂಗಡಿಯಲ್ಲಿ ಸಿಗುವ ಹೆಚ್ಚುಕಡಿಮೆ ಎಲ್ಲ ಆಪ್‌ಗಳೂ ಈ ನಾಲ್ಕು ಜಾತಿಯಲ್ಲಿ ಒಂದಕ್ಕೆ, ಇಲ್ಲವೇ ಎರಡರ ಬೆರಕೆಗೆ ಸೇರುತ್ತವೆ. ನಿಮ್ಮ ಫೋನಿನಲ್ಲಿರುವುದು ಯಾವುದೆಂದು ಓದುತ್ತಾ ಹೋದಂತೆ ಗೊತ್ತಾಗುತ್ತದೆ.

ಮೊದಲು ನನ್ನ ಅಳತೆಗೋಲು ಹೇಳುತ್ತೇನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಭಾರತದ ಆಹಾರಗಳ ಪಟ್ಟಿಯೊಂದನ್ನು ಹೊರತಂದಿತು. 528 ಪದಾರ್ಥಗಳಲ್ಲಿ ಏನೇನಿದೆ ಎಂಬ ವಿವರ ಅದರಲ್ಲಿದೆ. ತೊಗರಿಬೇಳೆ, ರಾಗಿ, ಸೊಪ್ಪು, ತೆಂಗಿನಕಾಯಿ ಎಲ್ಲ ಸಿಗುತ್ತವೆ. ಶಕ್ತಿಯನ್ನು ಅದರಲ್ಲಿ ಕಿಲೋಜೂಲ್‌ನಲ್ಲಿ ಕೊಟ್ಟಿರುವುದರಿಂದ 4.184ರಿಂದ ಭಾಗಿಸಿಕೊಳ್ಳಬೇಕು, ಅಷ್ಟೇ. ಆದರೆ ಅದು ಹಸಿ ಪದಾರ್ಥಗಳ ಪಟ್ಟಿ. ಬೇಳೆ ಇದೆ, ಹುಳಿ ಇಲ್ಲ. ಹುಳಿ ಎಂಬುದು ನಿಮ್ಮ ಮನೆಯಲ್ಲಿ ಒಂದು, ಪಕ್ಕದ ಮನೆಯಲ್ಲಿ ಇನ್ನೊಂದು. ಆಪ್‌ಗಳ ಜಗಳವೆಲ್ಲ ಶುರುವಾಗುವುದು ಇಲ್ಲಿಂದಲೇ.

ಈಗ ನಮ್ಮ ಪಾತ್ರೆಯ ಲೆಕ್ಕ. ತೊಗರಿಬೇಳೆ 150 ಗ್ರಾಂ, ಅಂದರೆ ಸುಮಾರು 500 ಕ್ಯಾಲೊರಿ. ನುಗ್ಗೆಕಾಯಿ, ಬದನೆಕಾಯಿ ಸೇರಿ 300 ಗ್ರಾಂ, ಅದಕ್ಕೆ 80. ತೆಂಗಿನತುರಿ 40 ಗ್ರಾಂ, ಅದಕ್ಕೆ 150. ಹುಳಿಪುಡಿಗೆ 65, ಬೆಲ್ಲದ ಚೂರಿಗೆ 35. ಉಳಿದದ್ದು ಒಗ್ಗರಣೆ ಎಣ್ಣೆ. ಎರಡು ಚಮಚ ಇರಬಹುದು, 10 ಗ್ರಾಂ, 90 ಕ್ಯಾಲೊರಿ ಎಂದು ಬರೆದುಕೊಂಡಿದ್ದೆ. ಅಷ್ಟರಲ್ಲಿ ಅನುಮಾನ ಬಂತು. ಅಮ್ಮ ಎಣ್ಣೆ ಡಬ್ಬಿಗೆ ಕೈ ಹಾಕುವ ಮೊದಲೇ ಡಬ್ಬಿಯನ್ನು ಡಿಜಿಟಲ್ ತಕ್ಕಡಿ ಮೇಲಿಟ್ಟೆ. ಒಗ್ಗರಣೆ ಆದಮೇಲೆ ಮತ್ತೆ ಇಟ್ಟೆ. ಕಡಿಮೆಯಾದದ್ದು 24 ಗ್ರಾಂ. ಅಮ್ಮನ ಎರಡು ಚಮಚ ಅಂದರೆ 215 ಕ್ಯಾಲೊರಿ.

"ಊಟಕ್ಕೆ ಬಂದ್ಯೋ, ಲೆಕ್ಕ ಬರೆಯೋಕೆ ಬಂದ್ಯೋ?" ಎಂದರು ಅಮ್ಮ. ಎರಡಕ್ಕೂ.

ಒಟ್ಟು 1045. ಕುದಿದು ಇಳಿಸಿದ ಮೇಲೆ, ಖಾಲಿ ಪಾತ್ರೆಯ ತೂಕ ಕಳೆದು, ಹುಳಿ 1600 ಗ್ರಾಂ ಇತ್ತು. ಅಂದರೆ 100 ಗ್ರಾಂಗೆ 65. ನನ್ನ ಬಟ್ಟಲಿನಲ್ಲಿದ್ದದ್ದು 180 ಗ್ರಾಂ, ಹಾಗಾಗಿ 118 ಕ್ಯಾಲೊರಿ. ಇದನ್ನಿಟ್ಟುಕೊಂಡು ಆಪ್‌ಗಳನ್ನು ನೋಡೋಣ.

ಮೊದಲನೆಯದು ನಮ್ಮ ದೇಶದ ಅಡುಗೆಗಳ ಪಟ್ಟಿ ಇರುವ ಆಪ್. ಸಾಂಬಾರ್, ಉಪ್ಪಿಟ್ಟು, ಪೊಂಗಲ್, ಎಲ್ಲ ಇವೆ. ಅಳತೆಯೂ ನಮ್ಮದೇ: `1 katori`, `1 piece`. ಅದರ ಕಟೋರಿ ಅಂದರೆ 150 ಗ್ರಾಂ. ನನ್ನ ಬಟ್ಟಲಿಗೆ 1.2 ಕಟೋರಿ ಹಾಕಿದಾಗ 125 ಬಂತು. ನನ್ನ 118ಕ್ಕೆ ತುಂಬ ಹತ್ತಿರ ಅಲ್ವಾ? ನಾನೂ ಖುಷಿಪಟ್ಟೆ. ಆದರೆ ಅದು ಅದೃಷ್ಟ. ಎರಡು ದಿನದ ನಂತರ ಮಜ್ಜಿಗೆ ಹುಳಿ ಹುಡುಕಿದೆ. ಆಪ್ ಕಢಿ ತೋರಿಸಿತು. ಕಢಿಗೆ ಹಾಕುವುದು ಕಡಲೆಹಿಟ್ಟು. ನಮ್ಮದಕ್ಕೆ ನೆನೆಸಿದ ಕಡಲೆಬೇಳೆ ಜೊತೆ ಅರ್ಧ ಹೋಳು ತೆಂಗಿನಕಾಯಿ ರುಬ್ಬಿ ಹಾಕಿದ್ದೆವು. ಬಣ್ಣ ಒಂದೇ ಎಂದು ಲೆಕ್ಕ ಒಂದೇ ಆಗುತ್ತದೆಯೇ? ಬಸ್ಸಾರು ಅಂತ ಹೊಡೆದರೆ ಏನೂ ಸಿಗಲಿಲ್ಲ. ಇಡ್ಲಿ, ಚಪಾತಿ, ಅನ್ನದಂಥ ಎಲ್ಲರ ಮನೆಯಲ್ಲೂ ಹೆಚ್ಚುಕಡಿಮೆ ಒಂದೇ ಥರ ಇರುವ ಪದಾರ್ಥಕ್ಕೆ ಈ ಪಟ್ಟಿ ಚೆನ್ನಾಗಿದೆ. ಸಾರು, ಪಲ್ಯ, ಗೊಜ್ಜಿಗೆ ಬಂದರೆ ಅದು ಇನ್ಯಾರದೋ ಮನೆಯ ಅಡುಗೆಯ ಲೆಕ್ಕ.

ಎರಡನೆಯದು ಜನರೇ ತುಂಬಿಸಿದ ಪಟ್ಟಿಯ ಆಪ್. ಬಿಸ್ಕತ್ ಪೊಟ್ಟಣದ ಬಾರ್‌ಕೋಡ್ ಹಿಡಿದರೆ ಕ್ಷಣದಲ್ಲಿ ಉತ್ತರ. ಅದರಲ್ಲಿ `Sambar` ಎಂದು ಹೊಡೆದರೆ ಮಾತ್ರ ಸಂತೆ. ಒಬ್ಬರ `1 cup` 62, ಇನ್ನೊಬ್ಬರದು 240. ನಡುವೆ ಯಾವುದೋ ಕಂಪನಿಯ ಸಾಂಬಾರ್ ಪುಡಿ, ರೆಡಿ ಸಾಂಬಾರ್ ಪೊಟ್ಟಣ. ಕೆಟ್ಟ ನಮೂದನ್ನು ಗುರುತು ಹಿಡಿಯಲು ಒಂದು ಸುಲಭ ದಾರಿ ಇದೆ. ಪ್ರೋಟೀನ್ ಮತ್ತು ಕಾರ್ಬ್ ಗ್ರಾಂಗಳನ್ನು 4ರಿಂದ, ಕೊಬ್ಬನ್ನು 9ರಿಂದ ಗುಣಿಸಿ ಕೂಡಿಸಿ. ಬಂದದ್ದು ಕ್ಯಾಲೊರಿಗೆ ಹತ್ತಿರ ಇರಬೇಕು. ನಾನು ನೋಡಿದ ಒಂದು ನಮೂದಿನಲ್ಲಿ ಪ್ರೋಟೀನ್ 6, ಕಾರ್ಬ್ 14, ಕೊಬ್ಬು 7 ಎಂದಿತ್ತು. ಕೂಡಿಸಿದರೆ 143. ಪಕ್ಕದಲ್ಲಿ ಬರೆದಿದ್ದ ಕ್ಯಾಲೊರಿ 90. ಯಾರೋ ಸುಮ್ನೆ ತುಂಬಿಸಿದ್ದಾರೆ.

ಈ ಆಪ್‌ನಲ್ಲೂ ನಮ್ಮದೇ ಅಡುಗೆ ಬರೆದಿಡುವ ಜಾಗ ಇತ್ತು. ತೊಂದರೆ ಏನೆಂದರೆ, ಅದು ಬೆಂದ ಮೇಲಿನ ತೂಕ ಕೇಳುವುದಿಲ್ಲ, ಎಷ್ಟು ಜನರಿಗೆ ಎಂದಷ್ಟೇ ಕೇಳುತ್ತದೆ. ನಾಲ್ಕು ಜನರಿಗೆ ಎಂದು ಬರೆದರೆ ಪಾತ್ರೆಯನ್ನು ನಾಲ್ಕು ಪಾಲು ಮಾಡಿ ಒಂದನ್ನು ನನ್ನ ಲೆಕ್ಕಕ್ಕೆ ಹಾಕುತ್ತದೆ. ನಮ್ಮಲ್ಲಿ ಹಾಗೆ ಯಾರು ತಿನ್ನುತ್ತಾರೆ? ನಾನು ಎರಡು ಸಲ ಹಾಕಿಸಿಕೊಳ್ಳುತ್ತೇನೆ, ಅಪ್ಪ ಮೂರು ಸಲ, ಉಳಿದದ್ದು ರಾತ್ರಿಗೆ. ಇದಕ್ಕೆ ಉಪಾಯ ಇದೆ. `servings` ಎಂದಿರುವಲ್ಲಿ ಜನರ ಸಂಖ್ಯೆ ಬಿಟ್ಟು, ಬೆಂದ ತೂಕವನ್ನು 100ರಿಂದ ಭಾಗಿಸಿ ಹಾಕಿ. 1600 ಗ್ರಾಂ ಹುಳಿಗೆ 16. ಆಗ ಒಂದು ಪಾಲು ಅಂದರೆ 100 ಗ್ರಾಂ. 180 ಗ್ರಾಂ ತಿಂದರೆ 1.8 ಪಾಲು. ಆಪ್‌ಗೆ ಇದು ಗೊತ್ತೂ ಆಗುವುದಿಲ್ಲ, ಲೆಕ್ಕ ಸರಿಯಾಗುತ್ತದೆ.

ಮೂರನೆಯದು ಫೋಟೊ ಆಪ್. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದೋಸೆ, ಇಡ್ಲಿ, ಬಾಳೆಹಣ್ಣನ್ನು ಚೆನ್ನಾಗಿ ಗುರುತಿಸಿತು. ಎಣಿಸಿಯೂ ಕೊಟ್ಟಿತು. ಹುಳಿಯ ಬಟ್ಟಲಿಗೆ 190 ಹೇಳಲು ಕಾರಣ ಅದಕ್ಕೆ ಕಾಣುವುದು ಮೇಲ್ಮೈ ಮಾತ್ರ. ಬಟ್ಟಲು ಎಷ್ಟು ಆಳ, ಕೆಳಗೆ ಬೇಳೆ ಎಷ್ಟು ಗಟ್ಟಿ, ಅನ್ನದೊಳಗೆ ತುಪ್ಪ ಎಷ್ಟು ಹೋಗಿದೆ, ಇವು ಯಾವ ಫೋಟೊದಲ್ಲೂ ಬರುವುದಿಲ್ಲ. ರಾಗಿ ಮುದ್ದೆಯನ್ನು ಅದು ಚಾಕೊಲೇಟ್ ಐಸ್‌ಕ್ರೀಂ ಎಂದಿತು. ಅಷ್ಟು ಒಳ್ಳೆಯ ಮನಸ್ಸು ಯಾರಿಗಿದೆ ಹೇಳಿ.

ನಾಲ್ಕನೆಯದು ಪ್ರಯೋಗಾಲಯದ ಅಂಕಿಗಳನ್ನೇ ನೆಚ್ಚಿಕೊಂಡಿರುವ ಆಪ್. ತಯಾರಾದ ಅಡುಗೆಗಳು ಅದರಲ್ಲಿ ಕಡಿಮೆ. ಆದರೆ ಪದಾರ್ಥಗಳನ್ನು ಒಂದೊಂದಾಗಿ ಹಾಕಿ, ಕೊನೆಗೆ ಬೆಂದ ಒಟ್ಟು ತೂಕ ಬರೆಯಬಹುದು. ಆಮೇಲೆ ತಿಂದದ್ದನ್ನು ಗ್ರಾಂನಲ್ಲೇ ನಮೂದಿಸಿದರೆ ಆಯಿತು. ಮನೆ ಅಡುಗೆಗೆ ನಾನು ಉಳಿಸಿಕೊಂಡದ್ದು ಇದನ್ನೇ.

ಮೊದಲ ದಿನ ಇದರಲ್ಲೂ ಎಡವಿದೆ. ನುಗ್ಗೆಕಾಯಿಗೆ `Drumstick` ಎಂದು ಹೊಡೆದರೆ ಬಂದದ್ದು ಕೋಳಿ ಕಾಲು. ಅದು ನಗುವ ವಿಷಯ. ನಗು ಬಾರದ ತಪ್ಪು ಬೇಳೆಯಲ್ಲಿ ಆಯಿತು. ತೊಗರಿಬೇಳೆಗೆ ಅದರಲ್ಲಿ `Pigeon peas` ಎಂದು ಹುಡುಕಬೇಕು. ಎರಡು ನಮೂದು ಬರುತ್ತವೆ, ಒಂದು ಹಸಿ, ಒಂದು ಬೆಂದದ್ದು. ಬೇಳೆ ಬೇಯಿಸಿಯೇ ತಿನ್ನುವುದು ಎಂದುಕೊಂಡು ನಾನು ಬೆಂದದ್ದನ್ನು ಒತ್ತಿದೆ. ಬೆಂದ ಬೇಳೆಯಲ್ಲಿ ನೀರೇ ಜಾಸ್ತಿ, 100 ಗ್ರಾಂಗೆ ಸುಮಾರು 120 ಕ್ಯಾಲೊರಿ. ನಾನು ತೂಗಿದ್ದು ಒಣ ಬೇಳೆ. 500 ಆಗಬೇಕಿದ್ದದ್ದು 180 ಆಗಿ, ಬಟ್ಟಲು ಹುಳಿ 82 ಎಂದು ತೋರಿಸಿತು. ಇದು ಆಪ್‌ನ ತಪ್ಪಲ್ಲ, ನನ್ನದು. ಯಾವ ಸ್ಥಿತಿಯಲ್ಲಿ ತೂಗಿದಿರೋ ಆ ಸ್ಥಿತಿಯ ನಮೂದನ್ನೇ ಆರಿಸಬೇಕು. ಅನ್ನದಲ್ಲಿ ಇದು ಉಲ್ಟಾ ಆಗುತ್ತದೆ. ತಟ್ಟೆಯಲ್ಲಿರುವ 200 ಗ್ರಾಂ ಅನ್ನಕ್ಕೆ ಅಕ್ಕಿಯ ನಮೂದು ಹಾಕಿದರೆ 260ರ ಬದಲು 700 ದಾಟುತ್ತದೆ, ಆ ದಿನವೆಲ್ಲ ಉಪವಾಸ ಮಾಡಬೇಕೆನಿಸುತ್ತದೆ.

ಇದರಲ್ಲಿ ಕೆಲಸ ಜಾಸ್ತಿ ಎಂಬುದು ನಿಜ. ಒಂದು ಅಡುಗೆಯನ್ನು ಮೊದಲ ಸಲ ಬರೆಯಲು ಹತ್ತು ನಿಮಿಷ ಬೇಕು. ಎರಡನೆಯ ಸಲ ಎರಡು ನಿಮಿಷ, ಯಾಕೆಂದರೆ ಬೇಳೆ, ಎಣ್ಣೆ, ಕಾಯಿ ಮತ್ತು ಬೆಂದ ತೂಕ ಇಷ್ಟನ್ನೇ ತಿದ್ದಿದರೆ ಸಾಕು. ಕೊತ್ತಂಬರಿ, ಕರಿಬೇವು, ಹುಣಸೆ ರಸವನ್ನು ನಾನು ಬರೆಯುವುದನ್ನೇ ಬಿಟ್ಟಿದ್ದೇನೆ. ಮನೆಯ ಐದು ಪಾತ್ರೆಗಳ ಖಾಲಿ ತೂಕವನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇನೆ. ಬಿಸಿ ಪಾತ್ರೆ ತೂಗುವಾಗ ಕೆಳಗೆ ಸಿಂಬಿ ಇಟ್ಟು, ತಕ್ಕಡಿಯನ್ನು ಸೊನ್ನೆಗೆ ತಂದು ಆಮೇಲೆ ಪಾತ್ರೆ ಇಡುತ್ತೇನೆ. ರಾತ್ರಿ ಉಳಿದ ಹುಳಿಯನ್ನು ಮತ್ತೆ ಕುದಿಸಿದರೆ ಮತ್ತೆ ತೂಗಬೇಕು. ನೀರು ಹೋಗಿ 600 ಗ್ರಾಂ 520 ಆಗಿದ್ದರೆ, 100 ಗ್ರಾಂಗೆ 65 ಇದ್ದದ್ದು 75 ಆಗಿರುತ್ತದೆ.

ಯಾವ ಆಪ್ ಇಟ್ಟುಕೊಂಡರೂ ಎಣ್ಣೆಯನ್ನು ಮಾತ್ರ ತೂಗಲೇಬೇಕು. ಹುಳಿಯಲ್ಲಿ ನನ್ನ ಎಣ್ಣೆ ತಪ್ಪು ಬಟ್ಟಲಿಗೆ 14 ಕ್ಯಾಲೊರಿಯಷ್ಟೇ ವ್ಯತ್ಯಾಸ ಮಾಡಿತು, ಪಾತ್ರೆ ದೊಡ್ಡದು. ಹುರುಳಿಕಾಯಿ ಪಲ್ಯ ನೋಡಿ: ಕಾಲು ಕೆಜಿ ಕಾಯಿಯಲ್ಲಿ ನೂರು ಕ್ಯಾಲೊರಿಯೂ ಇಲ್ಲ, ಅದಕ್ಕೆ ಬಿದ್ದ 20 ಗ್ರಾಂ ಎಣ್ಣೆಯಲ್ಲಿ 180. ಪಲ್ಯದ ಲೆಕ್ಕ ಅಂದರೆ ಎಣ್ಣೆಯ ಲೆಕ್ಕ.

ದೋಸೆಗೂ ಡಬ್ಬಿಯ ಉಪಾಯವೇ. ಶುರು ಮಾಡುವಾಗ ಒಮ್ಮೆ, ಹಂಚು ಇಳಿಸಿದ ಮೇಲೆ ಒಮ್ಮೆ ತೂಗಿದೆ. 14 ದೋಸೆಗೆ 42 ಗ್ರಾಂ ಹೋಗಿತ್ತು, ದೋಸೆಗೆ 3 ಗ್ರಾಂ. ಹೋಟೆಲಿನಲ್ಲಿ ಡಬ್ಬಿ ತೂಗಲು ಬಿಡುವುದಿಲ್ಲ. ಅಲ್ಲಿಗೆ ಮೊದಲನೆಯ ಆಪ್ ಇನ್ನೂ ಫೋನಿನಲ್ಲಿದೆ. ಬೆಣ್ಣೆ ಮಸಾಲೆ ತಿಂದ ದಿನ ಅದು ಹೇಳಿದ್ದನ್ನು ಒಂದೂವರೆ ಪಟ್ಟು ಮಾಡಿ ಬರೆದುಕೊಳ್ಳುತ್ತೇನೆ, ಎರಡನೇ ದೋಸೆ ಹೇಳುವ ಮೊದಲು.